ಏಳನೇ ನರದ ಸಾಲಲ್ಲಿ 'ಹೊರಬೀಳುವ ಜಾಗ' ಅಂತ ಏನು ಬರೆಯಬೇಕು?

ಅಪ್ಪೆಮಿಡಿ, ಶಿರಸಿ

ನಮಸ್ಕಾರ. ಬಿಡಿಎಸ್ ಮೊದಲ ವರ್ಷ ಓದ್ತಾ ಇದ್ದೇನೆ, ರಜೆಗೆ ಮನೆಗೆ ಬಂದಿದ್ದೇನೆ. ಮುಂದಿನ ವಾರ ಅನಾಟಮಿ ವೈವಾ. ಹನ್ನೆರಡು ಕ್ರೇನಿಯಲ್ ನರಗಳಿಗೆ ಒಂದು ಟೇಬಲ್ ಮಾಡಿಕೊಂಡೆ. ಹನ್ನೊಂದು ಸಾಲು ಬಾಯಿಪಾಠ ಆಯ್ತು, ಏಳನೆಯದರಲ್ಲಿ ಗಾಡಿ ಹೂತುಬಿಟ್ಟಿದೆ. ಸದ್ಯಕ್ಕೆ ಹೀಗೆ ಬರೆದಿದ್ದೇನೆ:

| ನರ | ಕೆಲಸ | ಹೊರಬೀಳುವ ಜಾಗ | ಪೆಟ್ಟಾದರೆ |
|---|---|---|---|
| 7, ಫೇಶಿಯಲ್ | ಮುಖದ ಸ್ನಾಯು, ನಾಲಿಗೆಯ ಮುಂದಿನ ಮೂರರಲ್ಲಿ ಎರಡು ಭಾಗದ ರುಚಿ, ಕಣ್ಣೀರು, ಜೊಲ್ಲು | ಇಂಟರ್ನಲ್ ಅಕೌಸ್ಟಿಕ್ ಮೀಟಸ್ | ಮುಖ ಸೊಟ್ಟ, ರುಚಿ ಹೋಗುತ್ತದೆ |

ಹೋದ ತಿಂಗಳು ಇಂಟರ್ನಲ್ ವೈವಾದಲ್ಲಿ ಸರ್ ಎರಡು ಪ್ರಶ್ನೆ ಕೇಳಿದರು. ಒಂದು: "ರೋಗಿಯ ಬಲ ಹುಬ್ಬು ಏಳುವುದಿಲ್ಲ, ಬಲಗಣ್ಣು ಮುಚ್ಚುವುದಿಲ್ಲ, ನಗು ಅಂದರೆ ಬಾಯಿ ಎಡಕ್ಕೆ ಹೋಗುತ್ತದೆ. ರುಚಿ ಸರಿ ಇದೆ, ಕಿವಿ ಸರಿ ಇದೆ. ಪೆಟ್ಟು ಎಲ್ಲಿ?" ನಾನು ಟೇಬಲ್ ನೆನಪು ಮಾಡಿಕೊಂಡು ಇಂಟರ್ನಲ್ ಅಕೌಸ್ಟಿಕ್ ಮೀಟಸ್ ಅಂದೆ. ಎರಡು: "ಕೆಳದವಡೆಗೆ ಬ್ಲಾಕ್ ಕೊಟ್ಟ ಮೇಲೆ ರೋಗಿಗೆ ಆ ಕಡೆ ಕಣ್ಣು ಮುಚ್ಚೋಕಾಗ್ತಿಲ್ಲ, ಯಾವ ನರ?" ಕಣ್ಣಿನ ರೆಪ್ಪೆ ಅಲ್ವಾ ಅಂತ ಮೂರನೆಯದು ಅಂದೆ. ಎರಡೂ ತಪ್ಪಂತೆ. ಯಾಕೆ ಅಂತ ಮಾತ್ರ ಹೇಳಲಿಲ್ಲ, ಮುಂದಿನವನನ್ನು ಕರೆದರು. ಯಾರಾದರೂ ಹೇಳ್ತೀರಾ?

ಕಾಳಿಸೇತುವೆ

ಎಂಬಿಬಿಎಸ್ ಎರಡನೇ ವರ್ಷ, ಕಾರವಾರ. ಇಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ ಮಾರಾಯ. ಫೇಶಿಯಲ್‌ಗೆ ಸ್ಟೈಲೋಮಾಸ್ಟಾಯ್ಡ್ ಫೊರಾಮೆನ್ ಅಂತ ಬರಿ, ಮಾರ್ಕ್ಸ್ ಸಿಗುತ್ತದೆ. ನಿನ್ನ ಮೊದಲನೇ ಪ್ರಶ್ನೆಗೆ ಉತ್ತರವೂ ಅದೇ. ಆದರೆ ಬಾಯಿ ಎಡಕ್ಕೆ ಹೋದರೆ ಪೆಟ್ಟು ಎಡಗಡೆ. ನಾಲಿಗೆ ಹೊರಚಾಚಿದಾಗ ಪೆಟ್ಟಾದ ಕಡೆಗೇ ವಾಲುತ್ತದಲ್ಲ, ಇದೂ ಹಾಗೇ. ಒಂದೇ ನಿಯಮ ಇಟ್ಕೋ.

ಅಪ್ಪೆಮಿಡಿ, ಶಿರಸಿ

ಹಾಗಾದರೆ ಬಲಗಣ್ಣು ಯಾಕೆ ಮುಚ್ಚಲ್ಲ? ಪೆಟ್ಟು ಎಡಗಡೆ ಇದ್ದರೆ ಎಡಗಣ್ಣು ಅಲ್ವಾ ಕೆಡಬೇಕು?

ದವಡೆ ಡಾಕ್ಟ್ರು

ಕಾರವಾರದಲ್ಲಿ ಓರಲ್ ಸರ್ಜರಿ ಮಾಡ್ತೇನೆ. ತಮ್ಮಾ, ನಿನ್ನ ಸಂಶಯ ಸರಿ ಇದೆ.

ಮೊದಲು ಬಾಯಿ ವಿಷಯ. ಕಾಳಿಸೇತುವೆ ನಾಲಿಗೆ ಬಗ್ಗೆ ಹೇಳಿದ್ದು ಸರಿ. ನಾಲಿಗೆಯನ್ನು ಆ ಕಡೆ ಈ ಕಡೆ ಸ್ನಾಯುಗಳು ಮುಂದಕ್ಕೆ ದೂಡುತ್ತವೆ. ಒಂದು ಕಡೆ ದೂಡುವವನು ಸತ್ತರೆ ಇನ್ನೊಬ್ಬ ದೂಡಿದ್ದರಿಂದ ಸತ್ತ ಕಡೆಗೇ ವಾಲುತ್ತದೆ. ಬಾಯಿ ತೆರೆದಾಗ ದವಡೆಯೂ ಹಾಗೇ. ಆದರೆ ತುಟಿಯ ಮೂಲೆಯನ್ನು ಸ್ನಾಯು ದೂಡುವುದಿಲ್ಲ, ಎಳೆಯುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ಕೈ ಬಿಟ್ಟರೆ ಹಗ್ಗ ಗಟ್ಟಿ ಇದ್ದವರ ಕಡೆ ಹೋಗುತ್ತದೆ. ಬಾಯಿ ಎಡಕ್ಕೆ ಹೋದರೆ ಸತ್ತದ್ದು ಬಲಗಡೆ. ಎಷ್ಟೋ ಮನೆಯಲ್ಲಿ ಇದೇ ಗೊಂದಲ. "ಎಡಗಡೆ ಎಳೀತಾ ಇದೆ ಡಾಕ್ಟ್ರೇ" ಅಂತ ಎಡಗಡೆ ಮುಖಕ್ಕೆ ಎಣ್ಣೆ ತಿಕ್ಕಿಕೊಂಡು ಬರ್ತಾರೆ. ಸರಿ ಇರುವ ಅರ್ಧಕ್ಕೆ ಮಾಲಿಶ್ ಆಗ್ತಾ ಇರ್ತದೆ.

ಈಗ ನಿನ್ನ ಕಾಲಂ. ತಪ್ಪು ನಿನ್ನದಲ್ಲ, ಟೇಬಲ್‌ನದು. ಮಿಕ್ಕ ಎಷ್ಟೋ ನರಗಳು ಬುರುಡೆಯ ಒಂದು ತೂತಿನಲ್ಲಿ ಹೊಕ್ಕು ಅಲ್ಲೇ ಹೊರಬೀಳುತ್ತವೆ. ಏಳನೆಯದು ಹಾಗಲ್ಲ. ಇಂಟರ್ನಲ್ ಅಕೌಸ್ಟಿಕ್ ಮೀಟಸ್‌ನಲ್ಲಿ ಎಂಟನೇ ನರದ ಜೊತೆ ಕಿವಿಯ ಎಲುಬಿನೊಳಗೆ ಹೊಕ್ಕುತ್ತದೆ. ಎಂಟನೆಯದು ಅಲ್ಲೇ ಒಳಗಿವಿಯಲ್ಲಿ ಉಳಿಯುತ್ತದೆ, ಬುರುಡೆ ಬಿಟ್ಟು ಹೊರಗೆ ಬರುವುದೇ ಇಲ್ಲ. ಏಳನೆಯದು ಎಲುಬಿನೊಳಗಿನ ಸಣ್ಣ ಕೊಳವೆಯಲ್ಲಿ ತಿರುಗಿ ತಿರುಗಿ ಬಂದು ಕಿವಿಯ ಹಿಂದೆ ಕೆಳಗೆ ಸ್ಟೈಲೋಮಾಸ್ಟಾಯ್ಡ್ ಫೊರಾಮೆನ್‌ನಲ್ಲಿ ಹೊರಗೆ ಕಾಣಿಸಿಕೊಳ್ಳುತ್ತದೆ. ಒಂದು ಹೊಕ್ಕುವ ಬಾಗಿಲು, ಒಂದು ಹೊರಡುವ ಬಾಗಿಲು. ಪರೀಕ್ಷೆಯ ಪ್ರಶ್ನೆಗಳೆಲ್ಲ ಹುಟ್ಟುವುದು ಆ ಎರಡು ಬಾಗಿಲ ನಡುವೆ.

ಶಿರಸಿಯಿಂದ ಕುಮಟಾ ಬಸ್ಸು ಹತ್ತಿದ್ದೀಯಲ್ಲ. ನಡುವೆ ಅಲ್ಲಲ್ಲಿ ಜನ ಇಳೀತಾರೆ. ಈ ನರದಲ್ಲಿಯೂ ಮೂವರು ದಾರಿಯಲ್ಲಿ ಇಳೀತಾರೆ. ಮೊದಲು ಜೆನಿಕ್ಯುಲೇಟ್ ಗ್ಯಾಂಗ್ಲಿಯನ್ ತಿರುವಿನಲ್ಲಿ ಕಣ್ಣೀರಿನ ಎಳೆ ಇಳಿಯುತ್ತದೆ. ಆಮೇಲೆ ನಡುಗಿವಿಯ ಸ್ಟೆಪೀಡಿಯಸ್ ಅನ್ನುವ ಪುಟ್ಟ ಸ್ನಾಯುವಿನದು. ಜೋರು ಶಬ್ದ ಬಂದಾಗ ಸ್ಟೇಪೀಸ್ ಎಲುಬನ್ನು ಹಿಡಿದು ಶಬ್ದ ತಗ್ಗಿಸುವುದು ಅದರ ಕೆಲಸ. ಕೊನೆಗೆ, ಹೊರಬಾಗಿಲಿಗೆ ಸುಮಾರು 6 ಮಿ.ಮೀ. ಇರುವಾಗ ಕಾರ್ಡಾ ಟಿಂಪನಿ. ರುಚಿ ಮತ್ತು ದವಡೆ ಕೆಳಗಿನ ಜೊಲ್ಲಿನ ಗ್ರಂಥಿಗಳು ಅದರ ಪಾಲು. ಮುಖದ ಸ್ನಾಯುಗಳು ಮಾತ್ರ ಕುಮಟಾವರೆಗೂ ಕೂತಿರುವ ಪ್ರಯಾಣಿಕರು.

ಮಳೆಗಾಲದಲ್ಲಿ ಕತಗಾಲದ ಹತ್ತಿರ ರಸ್ತೆ ಮುಚ್ಚಿತು ಅಂದ್ಕೋ. ದೇವಿಮನೆಯಲ್ಲಿ ಇಳಿದವನು ಆಗಲೇ ಮನೆ ಸೇರಿ ಊಟ ಮಾಡ್ತಾ ಇರ್ತಾನೆ. ನಿನ್ನ ಸರ್ ಹೇಳಿದ ರೋಗಿಯಲ್ಲಿ ರುಚಿ ಸರಿ ಇದೆ, ಕಿವಿ ಸರಿ ಇದೆ. ದಾರಿಯಲ್ಲಿ ಇಳಿಯುವವರು ಸುಖವಾಗಿದ್ದಾರೆ, ಕುಮಟಾದವರು ಮಾತ್ರ ತಲುಪಿಲ್ಲ. ಅಂದರೆ ಪೆಟ್ಟು ಹೊರಬಾಗಿಲಿನಲ್ಲಿ ಅಥವಾ ಅದರ ಆಚೆ, ಪೆರೋಟಿಡ್ ಗ್ರಂಥಿಯೊಳಗೆ. ನೀನು ಹೇಳಿದ ಮೀಟಸ್‌ನಲ್ಲಿ ಪೆಟ್ಟಾಗಿದ್ದರೆ ರುಚಿಯೂ ಹೋಗಬೇಕಿತ್ತು, ಕಣ್ಣೀರೂ ಕಮ್ಮಿ ಆಗಬೇಕಿತ್ತು, ಪಕ್ಕದಲ್ಲೇ ಇರುವ ಎಂಟನೇ ನರಕ್ಕೂ ತಾಗಿ ಕಿವಿ ಕೇಳುವುದು ಕಮ್ಮಿ ಆಗಬೇಕಿತ್ತು.

ಕಾಳಿಸೇತುವೆ

ಬಾಯಿ ವಿಷಯ ತಪ್ಪಿದ್ದೆ, ಒಪ್ಪಿದೆ. ಆದರೆ ಡಾಕ್ಟ್ರೇ, ನಿಮ್ಮ ಬಸ್ಸಿನದ್ದೂ ಪೂರ್ತಿ ಸರಿ ಇಲ್ಲ. ರುಚಿ ನಾಲಿಗೆಯಿಂದ ಮೆದುಳಿಗೆ ಹೋಗೋದು, ಅದು ಹತ್ತೋ ಪ್ರಯಾಣಿಕ, ಇಳಿಯೋನಲ್ಲ.

ದವಡೆ ಡಾಕ್ಟ್ರು

ಹೌದಪ್ಪ, ರುಚಿ ಮರಳಿ ಬರುವ ಬಸ್ಸಿನಲ್ಲಿ ಹತ್ತುವುದು. ಆದರೆ ರಸ್ತೆ ಒಂದೇ, ಗುಡ್ಡ ಕುಸಿದರೆ ಎರಡೂ ಕಡೆಯ ಬಸ್ಸು ನಿಲ್ತದೆ. ವೈವಾದಲ್ಲಿ ಬಸ್ಸಿನ ಕತೆ ಹೇಳಬೇಡಿ ಇಬ್ಬರೂ.

ಯಲ್ಲಾಪುರ ಅಕ್ಕ

ಇಲ್ಲಿ ಮುಖ ಸೊಟ್ಟ ಆಗಿದ್ದರ ಬಗ್ಗೆ ಮಾತಾಡ್ತಿದ್ದೀರಿ ಅಂತ ಬಂದೆ. ನಮ್ಮ ಅಪ್ಪಯ್ಯನಿಗೆ ನಿನ್ನೆ ಬೆಳಗಿನಿಂದ ಹೀಗೇ ಆಗಿದೆ. ಮೊನ್ನೆ ರಾತ್ರಿ ಬೈಕಿನಲ್ಲಿ ಥಂಡಿ ಗಾಳಿಗೆ ಬಂದಿದ್ದರು. ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಬಲಗಡೆಯಿಂದ ಸೋರಿತು. ಕವಳ ಹಾಕಿದರೆ ಬಲ ಕೆನ್ನೆಯೊಳಗೆ ಸಿಕ್ಕಿಕೊಂಡು ಬಿಡುತ್ತದೆ, ಬೆರಳು ಹಾಕಿ ತೆಗೀಬೇಕು. ಜಗಿಯೋಕೆ ಮಾತ್ರ ಏನೂ ತೊಂದರೆ ಇಲ್ಲ ಅಂತಾರೆ. ಯಾವ ಎಣ್ಣೆ ಒಳ್ಳೇದು? ಊರಲ್ಲಿ ಒಬ್ಬರು ಲಕ್ವಾ ಅಂತ ಹೆದರಿಸಿದ್ದಾರೆ.

ದವಡೆ ಡಾಕ್ಟ್ರು

ಅಕ್ಕಾ, ಎಣ್ಣೆ ಆಮೇಲೆ. ಮೊದಲು ಇಷ್ಟು ನೋಡಿ ಹೇಳಿ. ಹುಬ್ಬು ಎತ್ತಿ ಅಂದಾಗ ಬಲ ಹಣೆಯಲ್ಲಿ ಗೆರೆ ಬೀಳ್ತದಾ? ಬಲಗಣ್ಣು ಪೂರ್ತಿ ಮುಚ್ತದಾ? ಕೈ ಕಾಲಲ್ಲಿ ಶಕ್ತಿ ಇದೆಯಾ, ಮಾತು ತೊದಲ್ತದಾ? ಕಿವಿಯೊಳಗೆ, ಕಿವಿ ಸುತ್ತ ನೀರುಗುಳ್ಳೆ ಇದೆಯಾ?

ಹಣೆಯಲ್ಲಿ ಗೆರೆ ಬಿದ್ದು ಬಾಯಿ ಮಾತ್ರ ಸೊಟ್ಟ ಇದ್ದರೆ, ಇಲ್ಲವೇ ಕೈ ಸೋತಿದ್ದರೆ, ಇಲ್ಲಿ ಉತ್ತರ ಬರೆಯುತ್ತಾ ಕೂರಬೇಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ.

ಅಪ್ಪೆಮಿಡಿ, ಶಿರಸಿ

ಹಣೆ ಅಲ್ಲಾಡಿದರೆ ಒಳ್ಳೇದಲ್ವಾ? ಕಮ್ಮಿ ಪೆಟ್ಟು ಅಂತ ಅಲ್ವಾ ಅರ್ಥ?

ದವಡೆ ಡಾಕ್ಟ್ರು

ಕೇಳೋಕೆ ಹಾಗೆ ಅನ್ನಿಸ್ತದೆ, ಆದರೆ ಉಲ್ಟಾ. ಹಣೆಯ ಸ್ನಾಯುವಿಗೆ ಮೆದುಳಿನ ಎರಡೂ ಕಡೆಯಿಂದ ಆಜ್ಞೆ ಬರ್ತದೆ. ಬಾಯಿಯ ಕಡೆಗೆ ಹೆಚ್ಚಾಗಿ ಎದುರು ಬದಿಯಿಂದ ಮಾತ್ರ. ಮೆದುಳಿನ ಒಂದು ಬದಿಗೆ ರಕ್ತ ನಿಂತರೆ ಇನ್ನೊಂದು ಬದಿ ಹಣೆಯನ್ನು ಸಂಭಾಳಿಸ್ತದೆ, ಬಾಯಿ ಮಾತ್ರ ಸೋಲ್ತದೆ. ಏಳನೇ ನರವೇ ಕೆಟ್ಟರೆ ಎಲ್ಲಿಂದ ಆಜ್ಞೆ ಬಂದರೂ ಕೊನೆಯ ತಂತಿ ಅದೇ ಆದ್ದರಿಂದ ಹಣೆಯೂ ಹೋಗ್ತದೆ. ನೋಡೋಕೆ ಜಾಸ್ತಿ ಕೆಟ್ಟದಾಗಿ ಕಾಣುವ ಮುಖ ಎಷ್ಟೋ ಸಲ ಕಮ್ಮಿ ಅಪಾಯದ್ದು. ನಿನ್ನ ಟೇಬಲ್‌ನ 'ಮುಖ ಸೊಟ್ಟ' ಅನ್ನುವ ಎರಡು ಪದದಲ್ಲಿ ಇದು ಎಲ್ಲಿದೆ ಹೇಳು?

ಯಲ್ಲಾಪುರ ಅಕ್ಕ

ನೋಡಿದೆ. ಬಲ ಹಣೆ ಇಸ್ತ್ರಿ ಹಾಕಿದ ಹಾಗೆ ಸಪಾಟು. ಕಣ್ಣು ಮುಚ್ಚಿ ಅಂದರೆ ಬಿಳಿಗುಡ್ಡೆ ಮೇಲಕ್ಕೆ ಹೋಗೋದು ಕಾಣ್ತದೆ, ರೆಪ್ಪೆ ಸೇರಲ್ಲ. ಕೈ ಕಾಲು ಗಟ್ಟಿ, ತೋಟಕ್ಕೂ ಹೋಗಿ ಬಂದರು. ಗುಳ್ಳೆ ಇಲ್ಲ. ಆಯಿ ಪಾತ್ರೆ ಇಟ್ಟರೆ ಬಲಗಿವಿ ಒಳಗೆ ಕುಟ್ಟಿದ ಹಾಗೆ ಆಗ್ತದೆ ಅಂತಾರೆ. ಅಪ್ಪೆಹುಳಿಯಲ್ಲಿ ಹುಳಿನೇ ಇಲ್ಲ ಅಂತ ಆಯಿಗೆ ಬೈದರು, ನಮಗೆಲ್ಲ ಹುಳಿ ಸರಿಯಾಗೇ ಇತ್ತು. ಬಲಗಣ್ಣಲ್ಲಿ ನೀರು ಸುರೀತಾನೇ ಇದೆ.

ಅಪ್ಪೆಮಿಡಿ, ಶಿರಸಿ

ಅಕ್ಕಾ, ಬೇಜಾರು ಮಾಡ್ಕೋಬೇಡಿ, ನಾನು ಒಮ್ಮೆ ಪ್ರಯತ್ನ ಮಾಡ್ತೇನೆ. ಹಣೆಯೂ ಹೋಗಿದೆ, ಹಾಗಾಗಿ ನರದಲ್ಲೇ ಪೆಟ್ಟು. ಹುಳಿ ಗೊತ್ತಾಗಲಿಲ್ಲ ಅಂದರೆ ಕಾರ್ಡಾ ಟಿಂಪನಿ ಇಳಿಯುವ ಮೊದಲೇ ರಸ್ತೆ ಮುಚ್ಚಿದೆ. ಪಾತ್ರೆ ಶಬ್ದ ಕುಟ್ಟಿದರೆ ಸ್ಟೆಪೀಡಿಯಸ್ಸಿಗೂ ಮೊದಲೇ. ಕಣ್ಣಲ್ಲಿ ನೀರು ಬರ್ತಾ ಇದೆ, ಕಣ್ಣೀರಿನ ಎಳೆ ಇಳಿದಾಗಿದೆ. ಅಂದರೆ ಜೆನಿಕ್ಯುಲೇಟ್ ಗ್ಯಾಂಗ್ಲಿಯನ್ ಮತ್ತು ಸ್ಟೆಪೀಡಿಯಸ್ ನಡುವೆ. ಜಗಿಯೋದು ಐದನೇ ನರ, ಅದಕ್ಕೇ ಅದು ಸರಿ ಇದೆ. ಕವಳ ಸಿಕ್ಕಿಕೊಳ್ಳೋದು ಕೆನ್ನೆಯ ಬಕ್ಸಿನೇಟರ್ ಸೋತಿದ್ದಕ್ಕೆ, ಅದು ಏಳನೆಯದು. ಸರಿನಾ ಡಾಕ್ಟ್ರೇ?

ದವಡೆ ಡಾಕ್ಟ್ರು

ಪರೀಕ್ಷೆಗೆ ಭೇಷ್. ರೋಗಿಗೆ ಒಂದು ಕಡೆ ಜಾರಿದೆ. ಕಣ್ಣಲ್ಲಿ ನೀರು ಸುರಿದರೆ ಕಣ್ಣೀರಿನ ಎಳೆ ಸರಿ ಇದೆ ಅಂತ ಅಲ್ಲ. ಕೆಳರೆಪ್ಪೆ ಸಡಿಲ ಬಿದ್ದು ಹೊರಗೆ ವಾಲಿದೆ, ರೆಪ್ಪೆ ಬಡಿಯದೆ ನೀರು ಮೂಗಿನ ಕಡೆಯ ದಾರಿಗೆ ಹೋಗುವುದಿಲ್ಲ, ಕೆನ್ನೆ ಮೇಲೆ ಇಳೀತದೆ. ನೀರು ಹುಟ್ಟುವುದು ಕಮ್ಮಿ ಆಗಿದ್ದರೂ ಹೊರಗೆ ಸುರೀಬಹುದು. ಕಾಗದದ ಪಟ್ಟಿ ಇಟ್ಟು ಎರಡೂ ಕಣ್ಣು ಅಳೆದರೆ ಮಾತ್ರ ಗೊತ್ತಾಗೋದು. ಇನ್ನೂ ಒಂದು ಮಾತು. ಏಳನೇ ನರ ಏಕಾಏಕಿ ಸೋತು ಅರ್ಧ ಮುಖ ನಿಲ್ಲುವ ಕಾಯಿಲೆಗೆ ಬೆಲ್ಸ್ ಪಾಲ್ಸಿ ಅಂತಾರೆ. ಅದರಲ್ಲಿ ನರ ಕೊಳವೆಯೊಳಗೆ ಉದ್ದಕ್ಕೂ ಊದಿಕೊಳ್ಳಬಹುದು, ಒಂದೇ ಜಾಗದಲ್ಲಿ ಕತ್ತರಿಸಿದ ಹಾಗೆ ಇರುವುದಿಲ್ಲ. ಆದ್ದರಿಂದ ರುಚಿ, ಶಬ್ದ, ಕಣ್ಣೀರು ಪುಸ್ತಕದ ಸಾಲಿನ ಪ್ರಕಾರವೇ ಹೋಗ್ತವೆ ಅಂತಿಲ್ಲ. ಜಾಗ ಲೆಕ್ಕ ಹಾಕುವ ಆಟ ವೈವಾಕ್ಕೆ ಚೆನ್ನ.

ಅಕ್ಕಾ, ನೀವು ಹೇಳಿದ್ದು ಬೆಲ್ಸ್ ಪಾಲ್ಸಿ ಹಾಗೆ ಕಾಣ್ತದೆ, ಆದರೆ ನೋಡದೆ ಗಟ್ಟಿ ಹೇಳಬಾರದು. ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರು ಮಾಡಿದರೆ ಲಾಭ. ನಿನ್ನೆ ಬೆಳಿಗ್ಗೆ ಅಂದರೆ ಸಮಯ ಇದೆ, ನಾಳೆ ನಾಡಿದ್ದು ಅನ್ನಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರಿಗೆ ಮರೆಯದೆ ಹೇಳಿ, ಆ ಮಾತ್ರೆ ಸಕ್ಕರೆ ಏರಿಸ್ತದೆ. ಅಲ್ಲಿಯವರೆಗೆ ಕಣ್ಣು ಒಣಗದಂತೆ ನೋಡಿಕೊಳ್ಳಿ. ಕಣ್ಣೀರಿನಂಥ ಹನಿ ಮೆಡಿಕಲ್ ಶಾಪಿನಲ್ಲಿ ಸಿಗ್ತದೆ. ರಾತ್ರಿ ರೆಪ್ಪೆ ಮುಚ್ಚಿ ಮೇಲೆ ಟೇಪ್ ಹಾಕಿ. ಬಾಯಿ ನಿಧಾನಕ್ಕೆ ಸರಿ ಆದೀತು, ಕಣ್ಣಿನ ಕರಿಗುಡ್ಡೆಗೆ ಹುಣ್ಣಾದರೆ ಕಷ್ಟ.

ಹಲ್ಲಿನ ಕುರ್ಚಿ, ಕುಮಟಾ

ಇಂಟರ್ನ್‌ಶಿಪ್ ಮುಗಿಸಿ ಒಂದು ಕ್ಲಿನಿಕ್‌ನಲ್ಲಿ ಇದ್ದೇನೆ. ಎರಡನೇ ಪ್ರಶ್ನೆ ಯಾರೂ ಮುಟ್ಟಲಿಲ್ಲ, ಅದು ನನಗೇ ಆಗಿದೆ ಮಾರ್ರೆ. ಇಂಟರ್ನ್ ಆಗಿದ್ದಾಗ ಒಬ್ಬರಿಗೆ ಎಡ ಕೆಳದವಡೆಗೆ ಬ್ಲಾಕ್ ಕೊಟ್ಟೆ. ಐದು ನಿಮಿಷ ಬಿಟ್ಟು ತುಟಿ ಜೋಮು ಹಿಡೀತಾ ಅಂದೆ, ಇಲ್ಲ ಅಂದರು. ಇನ್ನೊಂದು ಕೊಡೋಣ ಅಂತ ಮುಖ ನೋಡಿದರೆ ಎಡಗಣ್ಣು ಪಿಳಿಪಿಳಿ ಅನ್ನದೆ ಹಾಗೇ ತೆರೆದಿದೆ, ಬಾಯಿ ಬಲಕ್ಕೆ ಹೋಗಿದೆ. ನನ್ನ ಕೈ ಕಾಲು ತಣ್ಣಗಾಯ್ತು. ಎರಡು ತಾಸಿನಲ್ಲಿ ತಾನೇ ಸರಿ ಆಯ್ತು ಅನ್ನಿ.

ದವಡೆ ಡಾಕ್ಟ್ರು

ಎಲುಬು ತಾಗಿತ್ತಾ?

ಹಲ್ಲಿನ ಕುರ್ಚಿ, ಕುಮಟಾ

ತಾಗಲಿಲ್ಲ. ಇನ್ನೂ ಸ್ವಲ್ಪ ಒಳಗೆ ಹೋಗಲಿ ಅಂತ ಸೂಜಿ ಪೂರ್ತಿ ದೂಡಿದೆ.

ದವಡೆ ಡಾಕ್ಟ್ರು

ಅದೇ. ಅಪ್ಪೆಮಿಡಿ, ಇದನ್ನು ಕಣ್ಣ ಮುಂದೆ ತಂದುಕೋ. ಬ್ಲಾಕ್ ಕೊಡುವುದು ಕೆಳದವಡೆಯ ನಿಂತ ಭಾಗದ ಒಳಮೈಗೆ, ಇನ್ಫೀರಿಯರ್ ಆಲ್ವಿಯೋಲರ್ ನರ ಎಲುಬಿನೊಳಗೆ ಹೊಕ್ಕುವ ತೂತಿನ ಹತ್ತಿರ. ದೊಡ್ಡವರಲ್ಲಿ 20ರಿಂದ 25 ಮಿ.ಮೀ. ಹೋಗುವಷ್ಟರಲ್ಲಿ ಸೂಜಿಯ ತುದಿಗೆ ಎಲುಬು ಟಕ್ ಅನ್ನಬೇಕು. ಅನ್ನಲಿಲ್ಲ ಅಂದರೆ ತುದಿ ಹಿಂದೆ ಹಿಂದೆ ಹೋಗಿ ದವಡೆಯ ಹಿಂಬದಿ ಅಂಚು ದಾಟಿದೆ. ಅಲ್ಲಿ ಪೆರೋಟಿಡ್ ಗ್ರಂಥಿ ಕೂತಿದೆ, ಅದರೊಳಗೆ ಏಳನೇ ನರ ಐದು ಕವಲಾಗಿ ಹರಡಿದೆ. ಔಷಧಿ ಐದನೇ ನರದ ಕವಲಿಗೆ ಸಿಗಬೇಕಿದ್ದದ್ದು ಏಳನೆಯದಕ್ಕೆ ಸಿಕ್ಕಿತು. ತುಟಿ ಜೋಮು ಹಿಡಿಯಲಿಲ್ಲ, ಆದರೆ ಸೊಟ್ಟ ಆಯ್ತು. ಈ ಜೋಡಿಯೇ ಗುರುತು. ತುಟಿಯ ಸ್ಪರ್ಶ ಐದನೆಯದು, ತುಟಿಯ ಅಲುಗಾಟ ಏಳನೆಯದು.

ಇನ್ನು ಮೂರನೆಯದು ಯಾಕಲ್ಲ ಅಂದರೆ, ಮೂರನೆಯದು ರೆಪ್ಪೆ ಎತ್ತುತ್ತದೆ, ಏಳನೆಯದು ಮುಚ್ಚುತ್ತದೆ. ಮೂರನೆಯದು ಹೋದರೆ ರೆಪ್ಪೆ ಅಂಗಡಿ ಶಟರ್ ಬಿದ್ದ ಹಾಗೆ ಬೀಳ್ತದೆ. ಇಲ್ಲಿ ತೆರೆದದ್ದು ತೆರೆದೇ ಉಳೀತು.

ಕಾಳಿಸೇತುವೆ

ಹಾಗಾದರೆ ಕಣ್ಣಿಗೆ ಹತ್ತಿಯ ಎಳೆ ಮುಟ್ಟಿಸಿದರೆ?

ದವಡೆ ಡಾಕ್ಟ್ರು

ಒಳ್ಳೆ ಪ್ರಶ್ನೆ. ಆ ರೋಗಿಯ ಎಡ ಕರಿಗುಡ್ಡೆಗೆ ಮುಟ್ಟಿಸಿದರೆ ಅವರಿಗೆ ಗೊತ್ತಾಗ್ತದೆ. ಸುದ್ದಿ ಒಯ್ಯುವುದು ಐದನೇ ನರದ ಮೊದಲ ಕವಲು, ಅದಕ್ಕೆ ಏನೂ ಆಗಿಲ್ಲ. ಬಲಗಣ್ಣು ಬಡೀತದೆ, ಎಡಗಣ್ಣು ಸುಮ್ನೆ ನೋಡ್ತಾ ಇರ್ತದೆ. ಹಾಗಂತ ಕ್ಲಿನಿಕ್‌ನಲ್ಲಿ ಮಾಡಿ ನೋಡಬೇಡಿ, ಕಾಪಾಡಬೇಕಾದ ಕಣ್ಣೇ ಅದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಸಿ, ರೆಪ್ಪೆ ಕೈಯಲ್ಲಿ ಮುಚ್ಚಿ ಪ್ಯಾಡ್ ಹಾಕಿ, ಕೆಲವು ತಾಸಿನಲ್ಲಿ ಇಳೀತದೆ ಅಂತ ಧೈರ್ಯ ಹೇಳಿ. ಆ ದಿನ ಹಲ್ಲಿನ ಕೆಲಸ ನಿಲ್ಲಿಸಿ ಕಳಿಸೋದು ನನ್ನ ಪದ್ಧತಿ.

ಹಲ್ಲಿನ ಕುರ್ಚಿ, ಕುಮಟಾ

ನಮ್ಮ ಸೀನಿಯರ್ ಅವತ್ತೇ ಸರಿಯಾದ ಜಾಗಕ್ಕೆ ಮತ್ತೊಂದು ಬ್ಲಾಕ್ ಕೊಟ್ಟು ಹಲ್ಲು ಕಿತ್ತು ಕಳಿಸಿದರು. ರೋಗಿ ಅಂಕೋಲಾದ ಆಚೆಯಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು, ನೋವು ಹೊತ್ತು ವಾಪಸ್ ಹೋಗಿ ಅಂದರೆ ಹೇಗೆ?

ದವಡೆ ಡಾಕ್ಟ್ರು

ಮಾಡಲೇಬಾರದು ಅಂತ ನಾನು ಹೇಳಲ್ಲ. ಮುಖ ಸೊಟ್ಟ ಆಗಿ ಹೆದರಿ ಕೂತವರ ಬಾಯಿಗೆ ಮತ್ತೆ ಸೂಜಿ ಹಾಕೋಕೆ ನನಗೆ ಮನಸ್ಸು ಬರಲ್ಲ, ಅಷ್ಟೇ.

ಅಪ್ಪೆಮಿಡಿ, ಶಿರಸಿ

ಸಾಲು ಒಡೆದು ಮೂರು ಮಾಡಿದೆ, ನೋಡಿ:

| ಏಳನೇ ನರ, ಪೆಟ್ಟು ಎಲ್ಲಿ | ಏನು ಹೋಗುತ್ತದೆ |
|---|---|
| ಹೊಕ್ಕುವ ಬಾಗಿಲು, ಇಂಟರ್ನಲ್ ಅಕೌಸ್ಟಿಕ್ ಮೀಟಸ್ | ಆ ಕಡೆಯ ಹಣೆ, ಕಣ್ಣು, ಬಾಯಿ, ಕಣ್ಣೀರು, ರುಚಿ, ಜೊತೆಗೆ ಕೇಳುವುದು |
| ಕೊಳವೆಯೊಳಗೆ, ಸ್ಟೆಪೀಡಿಯಸ್ಸಿಗೆ ಮೊದಲು | ಹಣೆ, ಕಣ್ಣು, ಬಾಯಿ; ರುಚಿ; ಶಬ್ದ ಕುಟ್ಟುತ್ತದೆ |
| ಹೊರಡುವ ಬಾಗಿಲು ಸ್ಟೈಲೋಮಾಸ್ಟಾಯ್ಡ್ ಫೊರಾಮೆನ್, ಪೆರೋಟಿಡ್ | ಹಣೆ, ಕಣ್ಣು, ಬಾಯಿ ಮಾತ್ರ |

ಒಂದು ಉಳೀತು. ಬುದ್ಧಿ ಹಲ್ಲು ಕಿತ್ತ ಮೇಲೆ ನನ್ನ ಮಾವನ ಮಗನಿಗೆ ಅರ್ಧ ನಾಲಿಗೆ ಜೋಮು, ರುಚಿಯೂ ಇಲ್ಲ. ಮುಖ ಸರಿ ಇದೆ. ರುಚಿ ಏಳನೆಯದಾದರೆ ಇದು ಯಾವ ಸಾಲಿಗೆ?

ದವಡೆ ಡಾಕ್ಟ್ರು

ಯಾವ ಸಾಲಿಗೂ ಅಲ್ಲ. ಕಾರ್ಡಾ ಟಿಂಪನಿ ಕಿವಿಯಿಂದ ಹೊರಟು ಕೆಳಗೆ ಲಿಂಗ್ವಲ್ ನರದ ಹೆಗಲೇರುತ್ತದೆ. ಲಿಂಗ್ವಲ್ ಅಂದರೆ ಐದನೆಯದರ ಮೂರನೇ ಕವಲಿನ ಒಂದು ಟಿಸಿಲು, ಆ ಕವಲು ಫೊರಾಮೆನ್ ಓವೇಲಿನಿಂದ ಬಂದದ್ದು; ಲಿಂಗ್ವಲ್ ಕೆಳಗಿನ ಬುದ್ಧಿ ಹಲ್ಲಿನ ಒಳಬದಿಗೇ ಅಂಟಿಕೊಂಡ ಹಾಗೆ ಹಾದುಹೋಗ್ತದೆ. ಅಲ್ಲಿ ಪೆಟ್ಟಾದರೆ ಹೊತ್ತವನೂ ಬೀಳ್ತಾನೆ, ಹೆಗಲ ಮೇಲಿದ್ದವನೂ ಬೀಳ್ತಾನೆ. ಜೋಮು ಇಲ್ಲದೆ ರುಚಿ ಮಾತ್ರ ಹೋದರೆ ಇಬ್ಬರು ಸೇರುವ ಮೊದಲು, ಕಿವಿಯ ಕಡೆ ಹುಡುಕು. ಮಾವನ ಮಗನನ್ನು ಹಲ್ಲು ಕಿತ್ತವರ ಹತ್ತಿರ ಬೇಗ ಕಳಿಸು. ಜೋಮು ಎಲ್ಲಿಂದ ಎಲ್ಲಿಯವರೆಗೆ ಅಂತ ಅವರು ಬರೆದಿಟ್ಟುಕೊಂಡು ಕಮ್ಮಿ ಆಗ್ತಾ ಇದೆಯಾ ಅಂತ ನೋಡ್ತಾ ಇರಬೇಕು.

ಕಾಳಿಸೇತುವೆ

ಎಲ್ಲಾ ಸರಿ, ಪ್ರಶ್ನೆಪತ್ರಿಕೆಯಲ್ಲಿ 'ಹೊರಬೀಳುವ ಜಾಗ' ಅಂತ ಒಂದೇ ಖಾನೆ ಇದ್ದರೆ? ನಾನು ಈಗಲೂ ಸ್ಟೈಲೋಮಾಸ್ಟಾಯ್ಡ್ ಅಂತಲೇ ಬರೆಯೋನು.

ಹಲ್ಲಿನ ಕುರ್ಚಿ, ಕುಮಟಾ

ನಮ್ಮ ಕಾಲೇಜಿನಲ್ಲಿ ಮೀಟಸ್ ಬರೆದವರಿಗೇ ಮಾರ್ಕ್ಸ್ ಕೊಟ್ಟಿದ್ದರು. ತಲೆಬುರುಡೆಯ ಒಳಗಿನಿಂದ ನೋಡಿದರೆ ಕಾಣೋದು ಅದೇ ಅಂತ ಅವರ ವಾದ.

ಅಪ್ಪೆಮಿಡಿ, ಶಿರಸಿ

ನಾನು ಎರಡೂ ಬರೆದು ನಡುವೆ ಬಾಣ ಹಾಕ್ತೇನೆ. ಖಾನೆ ಸಣ್ಣದಿದ್ದರೆ ಅಕ್ಷರ ಸಣ್ಣ ಮಾಡ್ತೇನೆ.

ಯಲ್ಲಾಪುರ ಅಕ್ಕ

ನಿನ್ನೆ ಸಂಜೆಯೇ ತೋರಿಸಿಕೊಂಡು ಬಂದೆವು. ಬೆಲ್ಸ್ ಅಂತಲೇ ಹೇಳಿದರು, ಮಾತ್ರೆ ಶುರು ಆಯ್ತು. ಅಪ್ಪಯ್ಯನಿಗೆ ಸಕ್ಕರೆ ಇದೆ, ನೀವು ಹೇಳದಿದ್ದರೆ ಮರೆತೇ ಬಿಡ್ತಿದ್ದೆ. ರಾತ್ರಿ ಕಣ್ಣಿಗೆ ಟೇಪ್ ಹಾಕಿಸಿಕೊಂಡು ಮಲಗಿದರು. ಕವಳ ಸದ್ಯ ಬಿಡಿ ಅಂದಿದ್ದಾರೆ, ಮುಖ ಸೊಟ್ಟ ಆಗಿದ್ದಕ್ಕಿಂತ ಅದರದ್ದೇ ಸಿಟ್ಟು ಜಾಸ್ತಿ. ಎಡಗಡೆ ಹಾಕ್ಕೊಂಡರೆ ಏನಾಗ್ತದೆ ಕೇಳು ಅಂತ ಹಿಂದೆ ನಿಂತಿದ್ದಾರೆ.